ತಾಳೆಪಟ್ಟಿ ಕೂಡಿದರೂ ಮುಚ್ಚದೆ ಉಳಿಯುವ ಖಾತೆಗಳು

ನಾನು ಮಂಡ್ಯದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ಎಪಿಎಂಸಿ ಯಾರ್ಡಿನ ಬೆಲ್ಲದ ವ್ಯಾಪಾರಿಗಳು, ಗೊಬ್ಬರದ ಅಂಗಡಿಯವರು, ಅಕ್ಕಿ ಗಿರಣಿಯವರು ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚು. ಏಪ್ರಿಲ್ ತಿಂಗಳಿಡೀ ನಮ್ಮ ಮೇಜಿನ ಮೇಲೆ ಇರುವುದು ಅವರ ಹಿಂದಿನ ವರ್ಷದ ಖಾತೆಗಳನ್ನು ಮುಚ್ಚುವ ಕೆಲಸವೇ. ಸಂಬಳ, ಬಾಡಿಗೆ, ಹಮಾಲಿ, ಬಡ್ಡಿ, ಕಮಿಷನ್, ಖರೀದಿ, ಮಾರಾಟ ಮುಂತಾದ ನಾಮಮಾತ್ರ ಖಾತೆಗಳು ಒಂದು ವರ್ಷಕ್ಕೆ ಮಾತ್ರ ಸೇರಿದವು; ಮಾರ್ಚ್ 31ರಂದು ಅವುಗಳಲ್ಲಿರುವ ಮೊತ್ತವನ್ನು ವ್ಯಾಪಾರ ಖಾತೆಗೆ ಅಥವಾ ಲಾಭ ನಷ್ಟ ಖಾತೆಗೆ ವರ್ಗಾಯಿಸಿ, ಏಪ್ರಿಲ್ 1ರಂದು ಅವು ಸೊನ್ನೆಯಿಂದ ಶುರುವಾಗುವಂತೆ ಮಾಡಬೇಕು. ನಗದು, ಬ್ಯಾಂಕು, ಗಿರಾಕಿಗಳ ಬಾಕಿ, ಸಾಲ, ತೂಕದ ಯಂತ್ರ ಇವೆಲ್ಲ ಹಾಗಲ್ಲ, ತಮ್ಮ ಶಿಲ್ಕನ್ನು ಹೊತ್ತುಕೊಂಡೇ ಮುಂದಿನ ವರ್ಷಕ್ಕೆ ಹೋಗುತ್ತವೆ.

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರು ಈ ವ್ಯತ್ಯಾಸವನ್ನು ಚೆನ್ನಾಗಿಯೇ ಓದಿಕೊಂಡು ಬಂದಿರುತ್ತಾರೆ. ಆದರೂ ತಾಳೆಪಟ್ಟಿಯ ಎರಡು ಕಡೆಯ ಮೊತ್ತ ಸಮವಾದ ಕೂಡಲೇ ಅವರು ಮುಕ್ತಾಯದ ನಮೂದುಗಳನ್ನು ಬರೆಯಲು ಕೂರುತ್ತಾರೆ, ತೊಂದರೆ ಆರಂಭವಾಗುವುದು ಅಲ್ಲಿಂದಲೇ. ಪ್ರತಿ ಡೆಬಿಟ್ಟಿಗೂ ಅಷ್ಟೇ ಕ್ರೆಡಿಟ್ ಬಿದ್ದಿದೆ ಎಂಬುದನ್ನು ಬಿಟ್ಟು ತಾಳೆಪಟ್ಟಿ ಬೇರೇನನ್ನೂ ಹೇಳುವುದಿಲ್ಲ. ಸಂಬಳದ ಖಾತೆಯಲ್ಲಿರುವುದು ಹನ್ನೆರಡು ತಿಂಗಳ ಸಂಬಳವೋ ಹನ್ನೊಂದು ತಿಂಗಳದ್ದೋ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ.

ಒಂದು ಬೆಲ್ಲದ ಮಂಡಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಓದಲು ಸುಲಭವಾಗಲೆಂದು ಅಂಕಿಗಳನ್ನು ಸಾವಿರಕ್ಕೆ ಸರಿಹೊಂದಿಸಿದ್ದೇನೆ. ಮಾಲೀಕರು ಒಬ್ಬರೇ, ಪಾಲುದಾರರಿಲ್ಲ. ಆಲೆಮನೆಗಳಿಂದ ಅಚ್ಚು ಬೆಲ್ಲ, ಬಕೆಟ್ ಬೆಲ್ಲ ಕೊಂಡು ಹೊರ ಊರುಗಳಿಗೆ ಕಳುಹಿಸುತ್ತಾರೆ. ವರ್ಷದ ಕೊನೆಗೆ ಅವರ ತಾಳೆಪಟ್ಟಿ ಕೂಡಿತ್ತು. ಇದ್ದ ಮೊತ್ತಗಳನ್ನು ಇದ್ದ ಹಾಗೆಯೇ ಲಾಭ ನಷ್ಟ ಖಾತೆಗೆ ಸಾಗಿಸಿದ್ದರೆ ನಿವ್ವಳ ಲಾಭ 3,03,000 ರೂಪಾಯಿ ಬರುತ್ತಿತ್ತು. ಸರಿಯಾದ ಲಾಭ 3,00,000. ವ್ಯತ್ಯಾಸ ಮೂರೇ ಸಾವಿರವಾದ್ದರಿಂದ ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಆದರೆ ಒಳಗೆ ಐದು ಖಾತೆಗಳು ತಪ್ಪಾಗಿದ್ದವು.

ಅವುಗಳಲ್ಲಿ ಹೆಚ್ಚು ಕಲಿಸುವುದು ವಿಮೆಯ ಖಾತೆ. ಅದರಲ್ಲಿ 52,000 ರೂಪಾಯಿ ಡೆಬಿಟ್ ಶಿಲ್ಕು ಇತ್ತು. ವೋಚರುಗಳನ್ನು ತೆಗೆದು ನೋಡಿದಾಗ ಅದು ಎರಡು ಪಾವತಿಗಳ ಮೊತ್ತವೆಂದು ತಿಳಿಯಿತು. ಒಂದು, ಗೋದಾಮಿನ ದಾಸ್ತಾನಿಗೆ ಅಕ್ಟೋಬರ್ 1ರಿಂದ ಒಂದು ವರ್ಷಕ್ಕೆ ಕಟ್ಟಿದ 24,000. ಇನ್ನೊಂದು, ಮಾಲೀಕರ ಸ್ವಂತ ಜೀವವಿಮೆಯ ಕಂತು 28,000. ಎರಡಕ್ಕೂ ಚೆಕ್ಕು ಹೋದದ್ದು ಅಂಗಡಿಯ ಬ್ಯಾಂಕ್ ಖಾತೆಯಿಂದಲೇ, ಎರಡೂ ವಿಮೆಯೇ, ಆದ್ದರಿಂದ ದಿನದ ಲೆಕ್ಕ ಬರೆಯುವವರು ಒಂದೇ ಖಾತೆಗೆ ಹಾಕಿದ್ದರು. ಜೀವವಿಮೆಯ ಕಂತು ವ್ಯಾಪಾರದ ಖರ್ಚಲ್ಲ, ಮಾಲೀಕರು ತಮಗಾಗಿ ತೆಗೆದುಕೊಂಡ ಹಣ. ಅದನ್ನು ಡ್ರಾಯಿಂಗ್ಸ್ ಖಾತೆಗೆ ಡೆಬಿಟ್ ಮಾಡಿ ವಿಮೆಯ ಖಾತೆಗೆ ಕ್ರೆಡಿಟ್ ಕೊಡಬೇಕು. ಉಳಿದ 24,000ದಲ್ಲಿ ಅಕ್ಟೋಬರಿನಿಂದ ಮಾರ್ಚಿನವರೆಗಿನ ಆರು ತಿಂಗಳ ಪಾಲು 12,000 ಮಾತ್ರ ಈ ವರ್ಷದ್ದು. ಇನ್ನರ್ಧ ಮುಂಗಡ ವಿಮೆಯ ಖಾತೆಗೆ ಹೋಗಿ ಬ್ಯಾಲೆನ್ಸ್ ಶೀಟಿನ ಆಸ್ತಿಯ ಬದಿಯಲ್ಲಿ ನಿಲ್ಲಬೇಕು. ಹೀಗೆ 52,000 ಎಂದು ಕಂಡ ಖಾತೆಯಿಂದ ಲಾಭ ನಷ್ಟ ಖಾತೆಗೆ ಹೋಗಬೇಕಾದದ್ದು 12,000 ಅಷ್ಟೇ.

ಬಾಡಿಗೆಯ ಖಾತೆಯಲ್ಲಿ ಏಪ್ರಿಲ್ ತಿಂಗಳ 10,000 ಸೇರಿಕೊಂಡಿತ್ತು. ಇದನ್ನು ತೆಗೆಯಬೇಕೆಂದಾಗ ಮಾಲೀಕರು, "ಮಾರ್ಚಲ್ಲೇ ಕೊಟ್ಟುಬಿಟ್ಟಿದ್ದೀನಲ್ಲ ಸಾರ್, ಕೈಯಿಂದ ದುಡ್ಡು ಹೋಯ್ತಲ್ಲ, ಅದು ಖರ್ಚಲ್ಲವಾ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಹಣ ಹೋದ ದಿನವನ್ನು ನಗದು ಪುಸ್ತಕ ಹೇಳುತ್ತದೆ. ಆ ಹಣದಿಂದ ಯಾವ ತಿಂಗಳು ಗೋದಾಮು ಬಳಸಿದಿರಿ ಎಂಬುದರ ಮೇಲೆ ಅದು ಯಾವ ವರ್ಷದ ಖರ್ಚೆಂದು ತೀರ್ಮಾನವಾಗುತ್ತದೆ ಎಂದು ವಿವರಿಸಿದ ಮೇಲೆ ಒಪ್ಪಿದರು. ಇದೇ ಮಾತು ತಿರುಗಿಸಿದರೆ ಸಂಬಳಕ್ಕೂ ಅನ್ವಯಿಸುತ್ತದೆ. ಮಾರ್ಚ್ ತಿಂಗಳ 15,000 ಸಂಬಳವನ್ನು ಏಪ್ರಿಲಿನಲ್ಲಿ ಕೊಟ್ಟಿದ್ದರಿಂದ ಖಾತೆಯಲ್ಲಿ 1,65,000 ಮಾತ್ರ ಇತ್ತು. ಅದನ್ನು ಬಾಕಿ ಸಂಬಳವೆಂದು ಸೇರಿಸಿ 1,80,000 ಮಾಡಬೇಕಾಯಿತು. ಮಾರ್ಚ್ ಕೊನೆಯ ವಾರದ ಹಮಾಲಿ 6,000 ಕೂಡ ಹಾಗೆಯೇ ಬಾಕಿ. ಸವಕಳಿ 32,000 ಪುಸ್ತಕದಲ್ಲಿ ಬಂದೇ ಇರಲಿಲ್ಲ. ಜೀವವಿಮೆ, ಮುಂಗಡ ವಿಮೆ, ಮುಂಗಡ ಬಾಡಿಗೆಗಳಿಂದ ಲಾಭ 50,000 ಹೆಚ್ಚುತ್ತದೆ. ಸಂಬಳ, ಹಮಾಲಿ, ಸವಕಳಿಗಳಿಂದ 53,000 ಇಳಿಯುತ್ತದೆ. ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಹಾಕಿ ಮೂರು ಸಾವಿರ ಮಾತ್ರ ಹೊರಗೆ ಕಾಣುತ್ತಿದ್ದುದು ಈ ಕಾರಣಕ್ಕೆ. ಆದ್ದರಿಂದ ಲಾಭದ ಮೊತ್ತ ನಂಬುವಂತಿದೆಯೇ ಎಂದು ನೋಡಿ ಸಮಾಧಾನಪಡುವುದನ್ನು ನಾನು ಒಪ್ಪುವುದಿಲ್ಲ. ಪ್ರತಿ ನಾಮಮಾತ್ರ ಖಾತೆಯನ್ನೂ ತೆರೆದು, ತಿಂಗಳ ಲೆಕ್ಕದ ಖರ್ಚಾದರೆ ಹನ್ನೆರಡು ತಿಂಗಳು ಇವೆಯೇ ಎಂದು ಎಣಿಸಿ, ವರ್ಷದ ಲೆಕ್ಕದ ಖರ್ಚಾದರೆ ರಸೀದಿಯ ಮೇಲಿನ ಅವಧಿಯನ್ನು ಓದಿಯೇ ಮುಂದೆ ಹೋಗಬೇಕು.

ಹೊಂದಾಣಿಕೆ ನಮೂದುಗಳು ಮುಗಿದ ಮೇಲೆ ಮುಚ್ಚುವುದು ಕಷ್ಟವಲ್ಲ. ಆರಂಭಿಕ ದಾಸ್ತಾನು 3,20,000, ಖರೀದಿ 48,60,000, ಹಮಾಲಿ ಮತ್ತು ಒಳಸಾಗಣೆ 1,40,000 ಈ ಮೂರನ್ನೂ ಕ್ರೆಡಿಟ್ ಮಾಡಿ ವ್ಯಾಪಾರ ಖಾತೆಗೆ ಡೆಬಿಟ್ ಕೊಡುತ್ತೇವೆ. ಮಾರಾಟದ 56,50,000 ಡೆಬಿಟ್ ಮಾಡಿ ವ್ಯಾಪಾರ ಖಾತೆಗೆ ಕ್ರೆಡಿಟ್ ಕೊಟ್ಟು, ಗೋದಾಮಿನಲ್ಲಿ ತೂಗಿ ಬೆಲೆ ಕಟ್ಟಿದ ಅಂತಿಮ ದಾಸ್ತಾನು 4,10,000ವನ್ನೂ ಅಲ್ಲಿಗೇ ಕ್ರೆಡಿಟ್ ಕೊಟ್ಟರೆ ಒಟ್ಟು ಲಾಭ 7,40,000 ಬರುತ್ತದೆ. ಅದು ಲಾಭ ನಷ್ಟ ಖಾತೆಯ ಕ್ರೆಡಿಟ್ ಬದಿಗೆ ಇಳಿಯುತ್ತದೆ, ಜೊತೆಗೆ ಕಮಿಷನ್ ಆದಾಯ 20,000 ಸೇರುತ್ತದೆ. ಬಾಡಿಗೆ, ಸಂಬಳ, ವಿಮೆ, ಬ್ಯಾಂಕ್ ಬಡ್ಡಿ, ಹೊರಸಾಗಣೆ, ವಿದ್ಯುತ್ ಮತ್ತು ಫೋನು, ಸವಕಳಿ ಎಲ್ಲ ಸೇರಿ 4,60,000 ಡೆಬಿಟ್ ಬದಿಗೆ ಬಂದಾಗ 3,00,000 ಉಳಿಯುತ್ತದೆ, ಅದು ಮಾಲೀಕರ ಬಂಡವಾಳ ಖಾತೆಗೆ ಹೋಗುತ್ತದೆ. ಡ್ರಾಯಿಂಗ್ಸ್ ಖಾತೆಯನ್ನೂ ಇದೇ ದಿನ ಮುಚ್ಚುವುದರಿಂದ ಕೆಲವರು ಅದನ್ನು ಖರ್ಚುಗಳ ಸಾಲಿಗೆ ಸೇರಿಸಿ ಲಾಭ ನಷ್ಟ ಖಾತೆಗೆ ಹಾಕಿಬಿಡುತ್ತಾರೆ. ಅದು ಮುಚ್ಚಬೇಕಾದದ್ದು ನೇರವಾಗಿ ಬಂಡವಾಳ ಖಾತೆಗೆ. ಈ ಮಂಡಿಯಲ್ಲಿ ಮೊದಲಿದ್ದ 1,52,000ಕ್ಕೆ ಜೀವವಿಮೆ ಸೇರಿ ಡ್ರಾಯಿಂಗ್ಸ್ 1,80,000 ಆಗಿತ್ತು. ಆರಂಭದ ಬಂಡವಾಳ 9,00,000ಕ್ಕೆ ಲಾಭ ಕೂಡಿಸಿ ಇದನ್ನು ಕಳೆದರೆ ವರ್ಷಾಂತ್ಯದ ಬಂಡವಾಳ 10,20,000.

ಇಷ್ಟಾದ ಮೇಲೆ ನಾನು ಇನ್ನೊಂದು ತಾಳೆಪಟ್ಟಿ ತೆಗೆಸುತ್ತೇನೆ, ಮುಚ್ಚಿದ ನಂತರದ ತಾಳೆಪಟ್ಟಿ. ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಈ ಮಂಡಿಯ ಪುಸ್ತಕದಲ್ಲಿ ಹೊರಸಾಗಣೆಯ 58,000 ಒಂದೇ ಕಡೆ ಇರಲಿಲ್ಲ: 50,000 "ಹೊರಸಾಗಣೆ" ಖಾತೆಯಲ್ಲಿ, 8,000 ಯಾರೋ ಬೇರೆಯಾಗಿ ತೆರೆದಿದ್ದ "ಲಾರಿ ಬಾಡಿಗೆ" ಖಾತೆಯಲ್ಲಿ. ಎರಡನೆಯದನ್ನು ಮುಚ್ಚದೆ ಬಿಟ್ಟರೆ ಏನಾಗುತ್ತದೆ ನೋಡಿ. ಲಾಭ 3,08,000 ಆಗುತ್ತದೆ, ಬಂಡವಾಳವೂ 8,000 ಹೆಚ್ಚಾಗಿ 10,28,000 ಎಂದು ಕಾಣುತ್ತದೆ, ಆ ಹೆಚ್ಚುವರಿ ಕ್ರೆಡಿಟ್ಟಿಗೆ ಸರಿಯಾಗಿ ಲಾರಿ ಬಾಡಿಗೆಯ ಡೆಬಿಟ್ ಪುಸ್ತಕದಲ್ಲೇ ಇರುವುದರಿಂದ ತಾಳೆಪಟ್ಟಿ ಆಗಲೂ ಕೂಡುತ್ತದೆ! ಮುಂದಿನ ವರ್ಷ ಆ ಖಾತೆ 8,000 ಹಳೆಯ ಖರ್ಚಿನೊಂದಿಗೇ ಆರಂಭವಾಗಿ, ಆ ವರ್ಷದ ಲಾಭವನ್ನು ಅಷ್ಟೇ ಕಡಿಮೆ ಮಾಡುತ್ತದೆ. ಎರಡು ವರ್ಷ ಸೇರಿಸಿದರೆ ಸರಿಹೋಯಿತಲ್ಲ ಎನ್ನುವವರಿದ್ದಾರೆ; ಆದರೆ ಆದಾಯ ತೆರಿಗೆ ಪ್ರತಿ ವರ್ಷಕ್ಕೂ ಬೇರೆಬೇರೆಯಾಗಿ ಲೆಕ್ಕವಾಗುತ್ತದೆ. ಇದನ್ನು ಹಿಡಿಯುವುದಕ್ಕೆ ಮೊತ್ತಗಳನ್ನು ನೋಡಿ ಪ್ರಯೋಜನವಿಲ್ಲ, ಹೆಸರುಗಳನ್ನು ಓದಬೇಕು. ಮುಚ್ಚಿದ ನಂತರದ ಪಟ್ಟಿಯಲ್ಲಿ ಆಸ್ತಿ, ಸಾಲ, ಬಾಕಿ, ಮುಂಗಡ, ಬಂಡವಾಳ ಇವುಗಳನ್ನು ಬಿಟ್ಟು ಖರ್ಚಿನದೋ ಆದಾಯದ್ದೋ ಒಂದು ಹೆಸರು ಕಂಡರೂ ಅಲ್ಲಿಗೇ ನಿಲ್ಲಬೇಕು.

ಕಂಪ್ಯೂಟರಿನಲ್ಲಿ ಲೆಕ್ಕ ಇಡುವವರಿಗೆ ಒಂದು ಮಾತು. ಟ್ಯಾಲಿಯಲ್ಲಿ ಖರ್ಚು ಆದಾಯದ ಖಾತೆಗಳನ್ನು ಒಂದೊಂದಾಗಿ ಮುಚ್ಚುವ ಜರ್ನಲ್ ಹಾಕಬಾರದು. ಅದು ಲಾಭ ನಷ್ಟದ ವರದಿಯನ್ನು ಆ ಖಾತೆಗಳ ಶಿಲ್ಕಿನಿಂದಲೇ ಕಟ್ಟುತ್ತದೆ. ಮಾರ್ಚ್ 31ರ ತಾರೀಖಿನಲ್ಲಿ ಸಂಬಳವನ್ನು ಕ್ರೆಡಿಟ್ ಮಾಡಿ `Profit & Loss A/c` ಡೆಬಿಟ್ ಮಾಡಿದರೆ, ಆ ವರ್ಷದ ವರದಿಯಲ್ಲಿ ಸಂಬಳವೇ ಕಾಣದಂತಾಗುತ್ತದೆ, ಲಾಭ ಅಷ್ಟು ಹೆಚ್ಚಾಗಿ ತೋರುತ್ತದೆ. ಅಲ್ಲಿ ನಾವು ಹಾಕುವುದು ಕೊನೆಯ ವರ್ಗಾವಣೆಗಳನ್ನು ಮಾತ್ರ, ಅಂದರೆ ನಿವ್ವಳ ಲಾಭವನ್ನು `Profit & Loss A/c`ನಿಂದ ಬಂಡವಾಳಕ್ಕೆ, ಮತ್ತು ಡ್ರಾಯಿಂಗ್ಸನ್ನು ಬಂಡವಾಳಕ್ಕೆ. ಆದರೆ ಬಾಕಿ, ಮುಂಗಡ, ಸವಕಳಿಯ ಹೊಂದಾಣಿಕೆಗಳನ್ನು ಟ್ಯಾಲಿ ತಾನಾಗಿ ಊಹಿಸುವುದಿಲ್ಲ; ಅವನ್ನು ಕೈಪುಸ್ತಕದಲ್ಲಿ ಬರೆದಷ್ಟೇ ಎಚ್ಚರದಿಂದ ಜರ್ನಲ್ ವೋಚರಿನಲ್ಲಿ ಹಾಕಲೇಬೇಕು.

ಮಾರ್ಚಿನ ಲೆಕ್ಕ ಸರಿಯಿದ್ದರೂ ಏಪ್ರಿಲಿನಲ್ಲಿ ಕೆಡುವ ಜಾಗವೊಂದಿದೆ. ಬಾಕಿ ಇಟ್ಟ 15,000 ಸಂಬಳವನ್ನು ಏಪ್ರಿಲಿನಲ್ಲಿ ಕೊಟ್ಟಾಗ ಅಂಗಡಿಯ ಗುಮಾಸ್ತರು ಅಭ್ಯಾಸದಂತೆ ಸಂಬಳದ ಖಾತೆಗೇ ಡೆಬಿಟ್ ಬರೆಯುತ್ತಾರೆ. ಆಗ ಹೊಸ ವರ್ಷಕ್ಕೆ ಹದಿಮೂರು ತಿಂಗಳ ಸಂಬಳ ಬೀಳುತ್ತದೆ, ಇತ್ತ ಬಾಕಿ ಸಂಬಳವೆಂಬ ಜವಾಬ್ದಾರಿ ತೀರದೆ ವರ್ಷವಿಡೀ ಹಾಗೆಯೇ ನಿಂತಿರುತ್ತದೆ. ಆ ಪಾವತಿ ಹೋಗಬೇಕಾದದ್ದು ಬಾಕಿ ಸಂಬಳದ ಖಾತೆಗೆ. ಮುಂಗಡ ಬಾಡಿಗೆಯ 10,000ವನ್ನು ಏಪ್ರಿಲ್ 1ರಂದೇ ಬಾಡಿಗೆ ಖಾತೆಗೆ ತಿರುಗಿಸುತ್ತೇವೆ. ಮುಂಗಡ ವಿಮೆಯ 12,000 ಸೆಪ್ಟೆಂಬರ್ 30ರ ಹೊತ್ತಿಗೆ ಪೂರ್ತಿ ಖರ್ಚಾಗಿ ತೀರಿರಬೇಕು. ಅರ್ಧವರ್ಷದ ಲೆಕ್ಕ ನೋಡಲು ಮಂಡಿಗೆ ಹೋದಾಗ ಆ ಖಾತೆಯಲ್ಲಿ ಇನ್ನೂ ಶಿಲ್ಕು ಇದ್ದರೆ, ವರ್ಗಾವಣೆಯ ವೋಚರನ್ನು ಅಲ್ಲೇ ಕುಳಿತು ಹಾಕಿಸಿಯೇ ಬರುತ್ತೇನೆ.