ಸೇಂಟ್ ಮೇರೀಸ್ ದ್ವೀಪ: ಕರಪತ್ರದ ಬಣ್ಣ ಕಳೆದ ಮೇಲೆ

ಉಡುಪಿಯ ಲಾಡ್ಜ್ ಕೌಂಟರಿನಲ್ಲಿ ಸಿಗುವ ಕರಪತ್ರ ಇರಲಿ, ಪ್ಯಾಕೇಜ್ ಟೂರಿನವರು ವಾಟ್ಸಾಪಿನಲ್ಲಿ ಕಳಿಸುವ ಚಿತ್ರ ಇರಲಿ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಒಕ್ಕಣೆ ಹೆಚ್ಚುಕಡಿಮೆ ಹೀಗಿರುತ್ತದೆ: "ಮಲ್ಪೆಯಿಂದ ಕೇವಲ ಹದಿನೈದು ನಿಮಿಷದ ರೋಮಾಂಚಕ ದೋಣಿಯಾನ! ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟ ನೆಲ. ಬೆಳ್ಳಿಯಂಥ ಮರಳು, ಸ್ಫಟಿಕದಂಥ ನೀರು, ಬಸಾಲ್ಟ್ ಕಂಬಗಳ ವಿಸ್ಮಯ. ಕುಟುಂಬ ಸಮೇತ ದಿನವಿಡೀ ಮೈಮರೆಯಿರಿ!"

ಇದರಲ್ಲಿ ಪೂರ್ತಿ ಸುಳ್ಳು ಎನ್ನುವಂಥದ್ದು ಕಡಿಮೆ. ಆದರೆ ಒಂದೊಂದು ಮಾತಿನಿಂದಲೂ ಏನನ್ನೋ ತೆಗೆದುಹಾಕಿದ್ದಾರೆ: ಎಲ್ಲಿಂದ ಲೆಕ್ಕ, ಯಾವ ತಿಂಗಳು, ದಿನದ ಯಾವ ಹೊತ್ತು. ಅದನ್ನು ವಾಪಸ್ ಸೇರಿಸಿದರೆ ಕರಪತ್ರ ಹೋಗಿ ಪ್ರಯಾಣಿಕರ ಮಾತು ಉಳಿಯುತ್ತದೆ. ಹೋಗುವವರಿಗೂ ಉಪಯೋಗ, ಹೋಗಿ ಬಂದು ನಾಲ್ಕು ಸಾಲು ಬರೆಯುವವರಿಗೂ ಉಪಯೋಗ.

ಮೊದಲು ಆ "ಹದಿನೈದು ನಿಮಿಷ". ದ್ವೀಪ ಮಲ್ಪೆಯಿಂದ ಆರು ಕಿಲೋಮೀಟರಿನಷ್ಟು ದೂರ. ಸಣ್ಣ ಸ್ಪೀಡ್ ಬೋಟಿನಲ್ಲಿ ಹದಿನೈದು ನಿಮಿಷ ಸಾಕು. ಜನ ತುಂಬಿಸಿಕೊಂಡು ಹೋಗುವ ದೊಡ್ಡ ದೋಣಿಗೆ ಅರ್ಧ ಗಂಟೆಯ ಹತ್ತಿರ ಬೇಕು. ಕರಪತ್ರ ಎಣಿಸುವುದು ಎಂಜಿನ್ ಓಡುವ ಹೊತ್ತನ್ನು ಮಾತ್ರ. ಮಂಗಳೂರಿನಿಂದ ಹೊರಡುವವರ ಲೆಕ್ಕ ಬೇರೆ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೆ ಎಕ್ಸ್‌ಪ್ರೆಸ್ ಹತ್ತಿದರೆ ಸುಮಾರು ಅರವತ್ತು ಕಿಲೋಮೀಟರ್ ದಾಟಿ ಉಡುಪಿ ಮುಟ್ಟುವಾಗ ಎಂಟು ಗಂಟೆ. ತಿಂಡಿ ಮುಗಿಸಿ ಸಿಟಿ ಬಸ್ಸಿನಲ್ಲಿ ಮಲ್ಪೆಗೆ ಹೋಗಿ, ಟಿಕೆಟ್ ಮಾಡುವ ಹೊತ್ತಿಗೆ ಒಂಬತ್ತು ಕಳೆದಿರುತ್ತದೆ. ಆಮೇಲೆ ಕಾಯುವುದು. ದೊಡ್ಡ ದೋಣಿ ಗಡಿಯಾರ ನೋಡಿ ಬಿಡುವುದಿಲ್ಲ, ಜನ ನೋಡಿ ಬಿಡುತ್ತದೆ. ಭಾನುವಾರ ಹತ್ತು ನಿಮಿಷಕ್ಕೆ ತುಂಬುವ ದೋಣಿ ಮಂಗಳವಾರ ಬೆಳಿಗ್ಗೆ ಮುಕ್ಕಾಲು ಗಂಟೆ ನಿಂತರೂ ಆಶ್ಚರ್ಯವಿಲ್ಲ. ಹೋಗಿ, ಒಂದು ಗಂಟೆ ಸುತ್ತಾಡಿ, ವಾಪಸ್ ದೋಣಿ ಹಿಡಿದು ಮಲ್ಪೆಯಲ್ಲಿ ಇಳಿಯುವಾಗ ಹನ್ನೆರಡೂವರೆ. ಅಂದರೆ ಮಂಗಳೂರಿನವರಿಗೆ ಇದು ಮಧ್ಯಾಹ್ನದ ಊಟದವರೆಗಿನ ಕೆಲಸ. ರಜೆಯ ದಿನ ಜನಜಂಗುಳಿ ಬೇಡವೆಂದರೂ ವಾರದ ನಡುವೆ ಕಾಯುವುದು ತಪ್ಪುವುದಿಲ್ಲ. ಎರಡರಲ್ಲಿ ಒಂದನ್ನು ಒಪ್ಪಿಕೊಂಡೇ ಹೊರಡಬೇಕು.

ಹೊತ್ತಿನ ವಿಷಯದಲ್ಲಿ ಇನ್ನೊಂದು. ಬಿಸಿಲೇರಿದ ಮೇಲೆ ನೆಲ ಕಾಯುತ್ತದೆ, ಕಡಲ ಕಡೆಯಿಂದ ಗಾಳಿ ಬೀಸಲು ಶುರುವಾಗುತ್ತದೆ, ಮಧ್ಯಾಹ್ನದ ಮೇಲೆ ಅಲೆ ಎದ್ದು ದೋಣಿ ಕುಲುಕುತ್ತದೆ. ಬಸ್ಸಿನಲ್ಲೇ ವಾಂತಿ ಬರುವ ಮಕ್ಕಳಿದ್ದರೆ ಬೆಳಗಿನ ದೋಣಿಯೇ ಸರಿ. ದಡ ತೀರಾ ಆಳವಿಲ್ಲದ ಕಡೆ ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಿಸಿ ಇಳಿಸುವುದೂ ಉಂಟು. ಮೊಣಕಾಲು ನೋವಿನ ಅಜ್ಜಿಯನ್ನು ಕರೆದುಕೊಂಡು ಹೋಗುವವರು ಇಳಿಸುವುದು ಹೇಗೆಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಬೇಕು. "ಕುಟುಂಬ ಸಮೇತ" ಎಂದು ಬರೆದವರಿಗೆ ಆ ಅಜ್ಜಿ ನೆನಪಾಗಿರುವುದಿಲ್ಲ.

ಇನ್ನು ವಾಸ್ಕೋ ಡ ಗಾಮ. "ಇಲ್ಲಿ ಮೊದಲು ಇಳಿದು ಆಮೇಲೆ ಕಲ್ಲಿಕೋಟೆಗೆ ಹೋದ" ಎಂಬ ಸಾಲು ಗೈಡುಗಳ ಬಾಯಲ್ಲೂ ಇದೆ. ಆದರೆ ಕ್ರಮ ತಿರುವುಮುರುವಾಗಿದೆ. ಆತ ಕಲ್ಲಿಕೋಟೆ ಬಳಿ ಬಂದದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ವಾಪಸ್ ಹೋಗುವಾಗ, ಸೆಪ್ಟೆಂಬರ್ ಮಧ್ಯದಲ್ಲಿ, ದಡಕ್ಕೆ ಹತ್ತಿರದ ಪುಟ್ಟ ದ್ವೀಪಗಳಲ್ಲೊಂದರಲ್ಲಿ ಕಲ್ಲಿನ ಕಂಬ ನೆಡಿಸಿ ಅದಕ್ಕೆ ಸಾಂತ ಮರಿಯಾ ಎಂದು ಹೆಸರಿಟ್ಟರೆಂದು ಅವನ ಹಡಗಿನಲ್ಲಿದ್ದವರೊಬ್ಬರ ದಿನಚರಿ ಹೇಳುತ್ತದೆ. ಆ ದ್ವೀಪ ಇದೇ ಎಂಬುದು ಹಿಂದಿನಿಂದ ಬಂದ ಗುರುತು. ಆ ಕಂಬ ನೋಡಬಹುದು ಎಂದುಕೊಂಡು ಹೋದರೆ ನಿರಾಸೆ ಖಂಡಿತ. ದ್ವೀಪದಲ್ಲಿ ನೋಡಬೇಕಾದ ಕಂಬಗಳು ಬೇರೆಯೇ ಇವೆ, ಅವು ಗಾಮನಿಗಿಂತ ಸ್ವಲ್ಪ ಹಳೆಯವು.

ಇಲ್ಲಿ ಕರಪತ್ರ ಹೆಚ್ಚು ಹೇಳಿಲ್ಲ, ಕಡಿಮೆ ಹೇಳಿದೆ. ಈ ಕಲ್ಲು ಬಸಾಲ್ಟ್ ಅಲ್ಲ. ಎಲ್ಲರೂ ಬಸಾಲ್ಟ್ ಎನ್ನುತ್ತಾರೆ, ಯಾಕೆಂದರೆ ಇಂಥ ಕಂಬಗಳು ಬೇರೆಡೆ ಹೆಚ್ಚಾಗಿ ಬಸಾಲ್ಟಿನಲ್ಲೇ ಸಿಗುತ್ತವೆ. ಇಲ್ಲಿಯದು ರಯೊಲೈಟ್ ಮತ್ತು ಡೇಸೈಟ್ ಬಗೆಯ, ಸಿಲಿಕಾ ಹೆಚ್ಚಿರುವ ಲಾವಾ. ಬಿಸಿ ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ, ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಒಡೆದಂತೆ. ಕಂಬದ ತಲೆಯ ಮೇಲೆ ಬೆರಳಿಟ್ಟು ಮುಖ ಎಣಿಸಿದರೆ ಆರು ಸಿಗುವುದು ಹೆಚ್ಚು, ಆದರೆ ಐದರದ್ದೂ ಏಳರದ್ದೂ ಪಕ್ಕದಲ್ಲೇ ಇರುತ್ತವೆ. ಮಕ್ಕಳಿಗೆ ಈ ಎಣಿಕೆಯ ಕೆಲಸ ಕೊಟ್ಟರೆ ಅರ್ಧ ಗಂಟೆ ಸದ್ದಿರುವುದಿಲ್ಲ. ವಯಸ್ಸು ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಬಿಟ್ಟುಹೋದ ಕಾಲದ್ದು. ಮಹಾರಾಷ್ಟ್ರದ ಕಪ್ಪು ಡೆಕ್ಕನ್ ಕಲ್ಲಿಗಿಂತ ಎರಡು ಕೋಟಿ ವರ್ಷದಷ್ಟು ಹಿಂದಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದು ಈ ಕಲ್ಲಿಗಾಗಿ, ಮರಳಿಗಾಗಿ ಅಲ್ಲ.

ಮರಳಿನ ವಿಷಯ ಚುಟುಕಾಗಿ: ಇದೆ, ಸ್ವಲ್ಪ ಇದೆ. ಬಹುಪಾಲು ದಡ ಕಲ್ಲು, ಅದರ ನಡುವೆ ಒಡೆದ ಚಿಪ್ಪಿನ ರಾಶಿ. ಬರಿಗಾಲಿಗೆ ಚುಚ್ಚುತ್ತದೆ. ಉದ್ದದ ಮರಳ ದಂಡೆಯೇ ಬೇಕಿದ್ದರೆ ಅದು ಮಲ್ಪೆ ಬೀಚಿನಲ್ಲೇ ಇದೆ, ದೋಣಿಯ ಖರ್ಚೂ ಇಲ್ಲ.

"ಸ್ಫಟಿಕದಂಥ ನೀರು" ಎಂಬುದಕ್ಕೆ ತಿಂಗಳು ಸೇರಿಸಬೇಕು. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಪ್ರವಾಸಿ ದೋಣಿಗಳೇ ಇಲ್ಲ. ಕಡಲು ತಣಿದ ಮೇಲೆ ಶುರುವಾಗುವ ಮೊದಲ ವಾರಗಳಲ್ಲಿ ದ್ವೀಪ ಹಸಿರು ಹುಲ್ಲು ಹೊದ್ದು ಚೆಂದ ಕಾಣುತ್ತದೆ, ನೀರಿನಲ್ಲಿ ಮಾತ್ರ ನದಿಗಳು ತಂದ ಕೆಸರು ಉಳಿದಿರುತ್ತದೆ. ಡಿಸೆಂಬರ್, ಜನವರಿಯ ಹೊತ್ತಿಗೆ ನೀರು ತಿಳಿಯಾಗುತ್ತದೆ, ಹುಲ್ಲು ಹಳದಿಯಾಗಿರುತ್ತದೆ. ಹಸಿರು ಹುಲ್ಲೂ ತಿಳಿನೀರೂ ಒಂದೇ ಚೌಕಟ್ಟಿನಲ್ಲಿರುವ ಚಿತ್ರ ಕಂಡರೆ ಬಣ್ಣ ಏರಿಸಿದ್ದಾರೇನೋ ಎಂದು ಅನುಮಾನಿಸಬಹುದು. ಏಪ್ರಿಲ್, ಮೇನಲ್ಲಿ ಬಂಡೆ ಕಾದ ಕಾವಲಿ.

ಕರಪತ್ರ ಪೂರ್ತಿ ಬಿಟ್ಟುಬಿಡುವುದು ಕಾಲು ಜಾರುವ ವಿಷಯ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಇಲ್ಲಿ ಕಡಲುಪಾಲಾದರು. ಭರತದ ನೀರು ಮುಟ್ಟುವ ಎತ್ತರದವರೆಗೆ ಬಂಡೆಯ ಮೇಲೆ ಪಾಚಿ ಕಟ್ಟಿ ಕಪ್ಪು-ಹಸಿರು ಪಟ್ಟಿ ಇರುತ್ತದೆ, ಅದರ ಮೇಲಿನ ಕಲ್ಲು ಒಣಗಿ ಒರಟಾಗಿರುತ್ತದೆ. ಇಳಿತದ ಹೊತ್ತಿನಲ್ಲಿ ಪಾಚಿಯ ಪಟ್ಟಿ ಬಿಸಿಲಿಗೆ ಒಣಗಿದಂತೆ ಕಂಡರೂ ಮೆಟ್ಟಿದರೆ ಜಾರುತ್ತದೆ. ಆದ್ದರಿಂದ ಬಣ್ಣ ಬದಲಾಗುವ ಗೆರೆಯೇ ಗಡಿ. ಅಲೆಗಳು ಒಂದೇ ಎತ್ತರದಲ್ಲಿ ಬರುವುದಿಲ್ಲ. ಸಣ್ಣವು ಹಲವು ಬಂದ ಮೇಲೆ ದೊಡ್ಡ ಎರಡು ಮೂರು ಒಟ್ಟಿಗೆ ಬರುತ್ತವೆ. ಫೋಟೋಗೆ ನಿಲ್ಲುವ ಜಾಗದ ಕಲ್ಲು ಒದ್ದೆಯಾಗಿದೆಯೇ ನೋಡಿ. ಒದ್ದೆಯಾಗಿದ್ದರೆ ಸ್ವಲ್ಪ ಮೊದಲು ಅಲ್ಲಿಗೆ ಅಲೆ ಬಂದಿತ್ತು, ಮತ್ತೆ ಬರುತ್ತದೆ. ಹವಾಯಿ ಚಪ್ಪಲಿ ಈ ಕಲ್ಲಿಗೆ ಆಗದು, ಹಿಂದೆ ಪಟ್ಟಿ ಇರುವ ರಬ್ಬರ್ ಅಡಿಯ ಚಪ್ಪಲಿ ಬೇಕು. ನೀರಿಗಿಳಿದು ಈಜುವ ಜಾಗ ಇದಲ್ಲ. ಲೈಫ್ ಗಾರ್ಡ್ ಸೀಟಿ ಊದಿದರೆ "ನಮಗೆ ಈಜು ಬರುತ್ತದೆ" ಎಂದು ವಾದಿಸುವವರಿಗೆ ಕೆರೆಯ ಈಜಿಗೂ ಬಂಡೆಗೆ ಅಪ್ಪಳಿಸುವ ಅಲೆಗೂ ಇರುವ ವ್ಯತ್ಯಾಸ ತಿಳಿದಿಲ್ಲ ಎಂದೇ ಅರ್ಥ.

ಭರತ-ಇಳಿತದ ಹೊತ್ತನ್ನು ಮೊಬೈಲಿನಲ್ಲಿ ಮಲ್ಪೆ ಅಥವಾ ಮಂಗಳೂರಿನ ಹೆಸರಲ್ಲಿ ಹುಡುಕಬಹುದು. ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ, ಹಾಗಾಗಿ ಹೋದ ವಾರ ಹೋಗಿ ಬಂದವರ ಮಾತು ಈ ವಾರಕ್ಕೆ ಹೊಂದುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಕಂಬಗಳ ಬುಡದವರೆಗೆ ಕಾಣಬೇಕಿದ್ದರೆ ಇಳಿತದ ಬೆಳಿಗ್ಗೆ ಆರಿಸಿಕೊಳ್ಳಿ.

"ದಿನವಿಡೀ ಮೈಮರೆಯುವ" ಮಾತಿಗೆ ದ್ವೀಪದ ಅಳತೆಯೇ ಉತ್ತರ. ಸೇಂಟ್ ಮೇರೀಸ್ ದ್ವೀಪಗಳಲ್ಲಿ ಜನ ಇಳಿಯುವ ಕೋಕೊನಟ್ ದ್ವೀಪ ಸುಮಾರು ಐನೂರು ಮೀಟರ್ ಉದ್ದ, ನೂರು ಮೀಟರ್ ಅಗಲ. ನಿಧಾನ ಸುತ್ತಿದರೂ ಒಂದು ಗಂಟೆ, ಕಲ್ಲಿನ ಆಸಕ್ತಿ ಇದ್ದವರಿಗೆ ಎರಡು. ತೆಂಗಿನ ಮರದ ನೆರಳು ಸೂರ್ಯನೊಟ್ಟಿಗೆ ಸರಿಯುತ್ತಾ ಇರುತ್ತದೆ. ರಾತ್ರಿ ಉಳಿಯುವಂತಿಲ್ಲ. ಒಬ್ಬರಿಗೆ ಒಂದು ಲೀಟರ್ ನೀರು, ಟೋಪಿ, ಮತ್ತು ಖಾಲಿ ಬಾಟಲಿ ವಾಪಸ್ ತರಲು ಒಂದು ಚೀಲ ಇಟ್ಟುಕೊಳ್ಳಿ.

ಹಾಗಾದರೆ ಅದೇ ಕರಪತ್ರದ ಪ್ಯಾರಾ ಹೋಗಿಬಂದವರ ಮಾತಿನಲ್ಲಿ ಹೇಗಿರಬೇಕು? ಹೀಗೆ: "ಜನವರಿ, ವಾರದ ದಿನ, ಬೆಳಗಿನ ದೊಡ್ಡ ದೋಣಿ. ತುಂಬಲು ನಲವತ್ತು ನಿಮಿಷ, ದಾಟಲು ಅರ್ಧ ಗಂಟೆ. ನೀರು ತಿಳಿ, ಹುಲ್ಲು ಒಣಗಿದೆ. ಮರಳು ಕಡಿಮೆ, ಚಿಪ್ಪು ಹೆಚ್ಚು. ಕಂಬಗಳಿಗಾಗಿಯೇ ಹೋಗಬಹುದು, ಈಜಲು ಹೋಗಬೇಡಿ. ಪಾಚಿ ಇರುವ ಕಡೆ ಹಿರಿಯರಿಗೆ ನಡೆಯಲಾಗದು." ಇದರಲ್ಲಿ ವಿಶೇಷಣ ಎರಡೋ ಮೂರೋ ಇರಬಹುದು, ಆದರೆ ಒಂದೊಂದಕ್ಕೂ ಆಧಾರವಿದೆ. ಕರಪತ್ರದ ಸೇಡು ತೀರಿಸಲು "ವೇಸ್ಟ್, ಬರೀ ಕಲ್ಲು" ಎಂದು ಬರೆಯುವವರೂ ಇದ್ದಾರೆ. ಅದೂ ಕರಪತ್ರದಷ್ಟೇ ನಿರುಪಯೋಗಿ, ಯಾಕೆಂದರೆ ಬರೆದವರು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೋಗಿದ್ದರೋ ಏನೋ ಓದುವವರಿಗೆ ಗೊತ್ತಾಗುವುದಿಲ್ಲ.

ಟಿಕೆಟ್ ದರ ಬರೆಯುವಾಗ ತಿಂಗಳು, ವರ್ಷ ಜೊತೆಗೇ ಹಾಕಿ. ಸೀಸನ್ನಿಂದ ಸೀಸನ್ನಿಗೆ ಅದು ಬದಲಾಗುತ್ತದೆ. ಬಂದರಿನಿಂದ ಹೋದಿರೋ ಬೀಚಿನಿಂದ ಹೋದಿರೋ ಅದನ್ನೂ ಹೇಳಿ, ಎರಡಕ್ಕೂ ದೋಣಿ, ದರ ಬೇರೆ. ಮತ್ತು ದೋಣಿಯಿಂದ ಇಳಿಯುವಾಗಲೇ ವಾಪಸ್ ಹೊರಡುವ ಹೊತ್ತು ಕೇಳಿ, ಕೊನೆಯ ದೋಣಿ ಎಷ್ಟು ಗಂಟೆಗೆ ಎಂಬುದನ್ನು ದೋಣಿಯವರ ಬಾಯಿಂದಲೇ ತಿಳಿದುಕೊಳ್ಳಿ, ಕರಪತ್ರದ ಹಿಂಬದಿಯಿಂದ ಅಲ್ಲ.