ಗೋಡೆಯ ಮೇಲೆ ರಂಪಣಿ ಬಲೆ

ಕಾರವಾರದಿಂದ ಉತ್ತರಕ್ಕೆ, ಮಾಜಾಳಿ ಕಡೆಯ ಒಂದು ಪ್ರಾಥಮಿಕ ಶಾಲೆಯ ಗೋಡೆಗೆ, ದಡದಲ್ಲಿ ನಿಂತು ಹಲವರು ಹಗ್ಗ ಹಿಡಿದು ಎಳೆಯುವ ದೊಡ್ಡ ಮೀನುಬಲೆಯಾದ ರಂಪಣಿಯ ಚಿತ್ರ ಬರೆದುಕೊಡಲು ಒಪ್ಪಿಕೊಂಡಿದ್ದೆ. ಮಕ್ಕಳ ಕೈಯೂ ಅದರಲ್ಲಿ ಇರಬೇಕು ಎಂಬುದೊಂದೇ ಅಲ್ಲಿಯ ಅಕ್ಕೋರ ಬೇಡಿಕೆಯಾಗಿತ್ತು. ನನ್ನ ರೇಖಾಚಿತ್ರ 24 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಎತ್ತರ. ಮಳೆಗಾಲ ಮುಗಿದು ಒಣಗಿದ ಗೋಡೆಯಲ್ಲಿ ಕಿಟಕಿ ಅಡ್ಡಬರದೆ ಸಿಕ್ಕಿದ ಜಾಗ 18 ಅಡಿಗೆ 9 ಅಡಿ. ಎರಡರಲ್ಲೂ ಉದ್ದವು ಎತ್ತರದ ಇಮ್ಮಡಿ. ಈ ಅನುಪಾತ ಕೂಡಿಬರದಿದ್ದರೆ ಹಗ್ಗ ಎಳೆಯುವವರೆಲ್ಲ ಗಿಡ್ಡಗೋ ಸಣಕಲಾಗಿಯೋ ಆಗಿಬಿಡುತ್ತಾರೆ. ಚಿತ್ರವನ್ನು ಚೌಕ ಚೌಕವಾಗಿ ನೋಡಿ ಗೋಡೆಗೆ ದೊಡ್ಡದು ಮಾಡಲು ಕಾಗದದ ಮೇಲೆ 2 ಸೆಂಟಿಮೀಟರಿನ ಚೌಕ, ಗೋಡೆಯ ಮೇಲೆ ಒಂದೂವರೆ ಅಡಿಯ ಚೌಕ; ಅಡ್ಡಕ್ಕೆ 12, ಮೇಲಿಂದ ಕೆಳಕ್ಕೆ 6.

ಚೌಕ ಎಳೆಯುವುದಕ್ಕೆ ಮೊದಲು ನೆಲವನ್ನು ನಂಬಬಾರದು. ನಮ್ಮ ಕರಾವಳಿಯ ಅಂಗಳಗಳೆಲ್ಲ ಮಳೆನೀರು ಹರಿದುಹೋಗಲೆಂದೇ ಇಳಿಜಾರಾಗಿರುತ್ತವೆ. ನೆಲದಿಂದ ಅಳೆದು ಗೆರೆ ಎಳೆದರೆ ಸಮುದ್ರವೇ ಒಂದು ಪಕ್ಕಕ್ಕೆ ವಾಲುತ್ತದೆ. ಊರಿನ ಗೌಂಡಿಯೊಬ್ಬರು ನೀರು ತುಂಬಿದ ಪಾರದರ್ಶಕ ಪೈಪು ತಂದರು. ಗುಳ್ಳೆ ಉಳಿಯದಂತೆ ಪೈಪನ್ನು ತಟ್ಟಿ, ಎರಡು ತುದಿಗಳನ್ನೂ ಗೋಡೆಯ ಎರಡು ಕೊನೆಗಳಿಗೆ ಹಿಡಿದು, ನೀರು ನಿಂತಲ್ಲಿ ಗುರುತು ಹಾಕಿದೆವು. ಬಲಗಡೆ ನೆಲ ಐದು ಇಂಚು ತಗ್ಗಿನಲ್ಲಿತ್ತು. ಆ ವ್ಯತ್ಯಾಸವನ್ನು ಚಿತ್ರದ ಕೆಳಗೆ ಮರಳಿನ ಬಣ್ಣದ ಪಟ್ಟಿಯೊಳಗೆ ಅಡಗಿಸುವುದೆಂದು ಅಲ್ಲೇ ನಿರ್ಧರಿಸಿದೆ. ತೂಕದ ಗುಂಡು ಬಿಟ್ಟು ನಿಲುವು ಗೆರೆ ಹಿಡಿದ ಮೇಲೆ ಮೂಲೆಯಿಂದ ಮೂಲೆಗೆ ಅಳೆದೆವು. ಎರಡು ಕರ್ಣಗಳೂ 20 ಅಡಿ ಒಂದೂವರೆ ಇಂಚು ಬಂದವು. ಅವು ಸಮನಾಗಿಲ್ಲದಿದ್ದರೆ ಚೌಕಟ್ಟು ಓರೆಯಾಗಿದೆಯೆಂದೇ ಅರ್ಥ.

ಟೇಪನ್ನು ಒಂದೇ ತುದಿಯಲ್ಲಿ ಬಿಗಿಹಿಡಿದು ಒಂದೂವರೆ, ಮೂರು, ನಾಲ್ಕೂವರೆ ಎಂದು ಸಾಲಾಗಿ ಗುರುತು ಹಾಕಬೇಕು. ಒಂದೊಂದೇ ಚೌಕವನ್ನು ಹಿಂದಿನದರ ಪಕ್ಕಕ್ಕೆ ಅಳೆಯುತ್ತ ಹೋದರೆ, ಪ್ರತಿ ಸಲವೂ ಅರೆಪಾವು ಇಂಚು ಜಾರಿದರೂ ಹನ್ನೆರಡನೆಯ ಚೌಕಕ್ಕೆ ಒಂದೂವರೆ ಇಂಚು ಕೂಡಿಬಿಡುತ್ತದೆ. ಗುರುತುಗಳ ನಡುವೆ ತಿಳಿನೀಲಿ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿದು ಮಿಡಿದೆವು. ಕೆಂಪುಮಣ್ಣು, ಇದ್ದಿಲು ಬೇಡವೆಂದೆ. ಅವು ತಿಳಿ ಬಣ್ಣದೊಳಗೆ ಕಲೆಸಿಕೊಂಡು ಆಕಾಶವನ್ನು ಕೊಳಕು ಮಾಡುತ್ತವೆ. ಮಕ್ಕಳು ಮೇಲ್ಗಡೆ ಕ, ಖ, ಗ, ಘ ಎಂದು ಠ ವರೆಗೆ, ಪಕ್ಕದಲ್ಲಿ 1ರಿಂದ 6ರವರೆಗೆ ಬರೆದರು. ಕಾಗದದ ಮೇಲೂ ಅವೇ ಗುರುತುಗಳು.

ನನಗೆ ಮೊದಲಿನಿಂದಲೂ ಚಿಂತೆಯಿದ್ದುದು ಬಲೆಯ ಬಾಗಿನದು. ರಂಪಣಿಯ ಬಲೆ ಒಂದೇ ಉಸಿರಿನಲ್ಲಿ ಎಳೆದಂಥ ದೊಡ್ಡ ಅರ್ಧವರ್ತುಲ. ಖ-6ರಲ್ಲಿ ದಡ ಬಿಟ್ಟು, ಮೂರನೆಯ ಸಾಲಿನವರೆಗೆ ಏರಿ, ಟ-6ಕ್ಕೆ ಇಳಿಯಬೇಕು. ಇಂಥ ಗೆರೆಯನ್ನು ಒಂದೊಂದು ಚೌಕದಂತೆ ಮಕ್ಕಳಿಗೆ ಹಂಚಿದರೆ ಪ್ರತಿಯೊಬ್ಬರ ತುಂಡೂ ಸರಿಯಾಗಿಯೇ ಇರುತ್ತದೆ, ಆದರೆ ಕೀಲುಗಳಲ್ಲಿ ಬಲೆ ಮುರಿದುಹೋಗುತ್ತದೆ. ಆದ್ದರಿಂದ ಚೌಕದ ಒಳಗೆ ಯಾರೂ ಏನೂ ಬರೆಯಕೂಡದು, ಬಲೆ ಚೌಕದ ಅಂಚನ್ನು ದಾಟುವ ಜಾಗದಲ್ಲಿ ಮಾತ್ರ ಚುಕ್ಕಿ ಇಡಬೇಕು ಎಂದೆ.

ಚುಕ್ಕಿಯ ಜಾಗ ಹಿಡಿಯಲು 18 ಇಂಚಿನ ಕಾಗದದ ಪಟ್ಟಿಯನ್ನು ಮೂರು ಸಲ ಮಡಚಿ ಎಂಟು ಪಾಲು ಮಾಡಿಕೊಂಡೆವು. ಉದಾಹರಣೆಗೆ, ಘ ಮತ್ತು ಙ ನಡುವಿನ ನಿಲುವು ಗೆರೆಯಲ್ಲಿ, ನಾಲ್ಕನೆಯ ಸಾಲಿನಲ್ಲಿ, ರೇಖಾಚಿತ್ರದ ಬಲೆ ಚೌಕದ ಮೇಲಂಚಿನಿಂದ 5 ಮಿಲಿಮೀಟರ್ ಕೆಳಗೆ ದಾಟುತ್ತಿತ್ತು. 20ರಲ್ಲಿ 5 ಎಂದರೆ ಕಾಲುಭಾಗ. ಪಟ್ಟಿಯ ಎರಡು ಮಡಿಕೆ, ಗೋಡೆಯ ಮೇಲೆ ನಾಲ್ಕೂವರೆ ಇಂಚು. ಇದನ್ನು ಗುರುತಿಸಿದ ಹುಡುಗಿ, "ಮಾಸ್ತರೆ, ಪೆನ್ಸಿಲ್ ಗೆರೆಯ ಮೇಲಿನಂಚು ಹಿಡಿಯಲೋ, ಕೆಳಗಿನದೋ?" ಎಂದು ಕೇಳಿದಳು. ಬಹಳ ಒಳ್ಳೆಯ ಪ್ರಶ್ನೆ. ಈ ಅಳತೆಯಲ್ಲಿ ಕಾಗದದ ಒಂದು ಮಿಲಿಮೀಟರ್ ಗೋಡೆಯ ಮೇಲೆ ಹತ್ತಿರ ಹತ್ತಿರ ಒಂದು ಇಂಚು. ಒಬ್ಬರು ಮೇಲಂಚು, ಇನ್ನೊಬ್ಬರು ಕೆಳಂಚು ಹಿಡಿದರೆ ಪಕ್ಕದ ಚುಕ್ಕಿಗಳು ಹೊಂದುವುದಿಲ್ಲ. ಎಲ್ಲರೂ ಮೇಲಂಚನ್ನೇ ಹಿಡಿಯುವುದೆಂದು ಗೊತ್ತುಮಾಡಿದೆವು.

ಚುಕ್ಕಿಗಳೆಲ್ಲ ಬಿದ್ದ ಮೇಲೆ ತೆಳುವಾದ ಉದ್ದನೆಯ ಬಿದಿರಿನ ಸೀಳೊಂದನ್ನು ಅವುಗಳ ಮೇಲೆ ಬಾಗಿಸಿ ನಾಲ್ಕೈದು ಜನ ಹಿಡಿದುಕೊಂಡರು. ಬಿದಿರು ತಾನಾಗಿ ಬಾಗುವಾಗ ಮೊಣಕೈ ಮಾಡುವುದಿಲ್ಲ. ತಪ್ಪಿದ ಚುಕ್ಕಿಯಿದ್ದರೆ ಅದನ್ನು ಮುಟ್ಟದೆ ದೂರ ಉಳಿಯುತ್ತದೆ. ಜ ಮತ್ತು ಝ ನಡುವಿನ ಚುಕ್ಕಿ ಹಾಗೆ ಎರಡು ಇಂಚಿಗೂ ಹೆಚ್ಚು ಹೊರಗೆ ನಿಂತಿತು. ಕಾಗದ ನೋಡಿದರೆ, ಗುರುತು ಹಾಕಿದ ಹುಡುಗ ಮೇಲಿನಿಂದ ಎಣಿಸುವ ಬದಲು ಕೆಳಗಿನಿಂದ ಮಡಿಕೆ ಎಣಿಸಿದ್ದ. ಅದನ್ನು ಒರೆಸಿ ಸರಿಪಡಿಸಿ, ಬಿದಿರಿನ ಅಂಚಿಗೆ ಸೀಮೆಸುಣ್ಣ ಎಳೆದೆವು. ಸೀಳಿನ ಉದ್ದ ಸಾಲದ ಕಡೆ ಮುಂದಕ್ಕೆ ಸರಿಸಿ, ಹಿಂದಿನ ಮೂರು ಚುಕ್ಕಿಗಳ ಮೇಲೆ ಅದು ಮತ್ತೆ ಕೂತಿದೆಯೇ ಎಂದು ನೋಡಿಯೇ ಮುಂದುವರಿದೆವು.

ಆಳುಗಳು, ದೋಣಿ, ಹಗ್ಗ ಬೇಗ ಮುಗಿದವು. ಹಗ್ಗ ಹಿಡಿದ ಕೈಗಳಿದ್ದ ಚೌಕಗಳನ್ನು ಮಾತ್ರ ಕಾಗದದಲ್ಲೂ ಗೋಡೆಯಲ್ಲೂ ಮತ್ತೆ ನಾಲ್ಕು ಭಾಗ ಮಾಡಿಕೊಂಡೆವು. ಬೆರಳುಗಳಿಗೆ ಒಂದೂವರೆ ಅಡಿಯ ಚೌಕ ತೀರಾ ಒರಟು. ಬೇಕಾದ ಗೆರೆಗಳನ್ನು ತೆಳು ಬಣ್ಣದಲ್ಲಿ ತಿದ್ದಿ ಒಣಗಿಸಿ, ಒದ್ದೆ ಬಟ್ಟೆಯಿಂದ ಚೌಕಗಳನ್ನು ಒರೆಸಿದೆವು. ಅಂಚಿನ ಅಕ್ಷರ, ಅಂಕಿಗಳನ್ನು ಮಾತ್ರ ಅಳಿಸಲು ಬಿಡಲಿಲ್ಲ. ಬಣ್ಣ ಹಚ್ಚುವಾಗ "ಚ-3ರ ನೀಲಿ ಇನ್ನೂ ಗಾಢವಾಗಬೇಕು" ಎಂದು ಅಂಗಳದ ಆಚೆಯಿಂದ ಕೂಗಿ ಹೇಳುವುದಕ್ಕೆ ಅವು ಬೇಕಿದ್ದವು.