ರಾತ್ರಿ ಕೀಟಗಳ ಪ್ರಾಜೆಕ್ಟ್‌ಗೆ ಹೆಸರು ಹುಡುಕಾಟ: NISONನಿಂದ INSONODEವರೆಗೆ

ನಮ್ಮ ಲ್ಯಾಬ್‌ನ ಹೊಸ ಪ್ರಾಜೆಕ್ಟ್‌ಗೆ ಒಂದು ಚಿಕ್ಕ ಹೆಸರು ಬೇಕಾಗಿತ್ತು. ಕೆಲಸ ಏನೆಂದರೆ, ಸಣ್ಣ ರೆಕಾರ್ಡರ್‌ಗಳನ್ನು ಅಲ್ಲಲ್ಲಿ ಇಟ್ಟು ರಾತ್ರಿ ಹೊತ್ತು ಮಿಡತೆ, ಚಿಮ್ಮಂಡೆಗಳ ಸದ್ದನ್ನು ಹಿಡಿಯುವುದು. ಆ ಸದ್ದಿನಿಂದ ಯಾವ ಜಾತಿ ಎಲ್ಲಿದೆ, ಯಾವಾಗ ಕೂಗುತ್ತದೆ ಎಂದು ತಿಳಿಯುವುದು. ಹೆಸರು ಇಡುವ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿಯವರೆಗೆ ಏನೇನು ಆಯಿತು ಎಂದು ಬರೆದಿಡುತ್ತಿದ್ದೇನೆ.

ಹೆಸರು ಬೇಕೇ ಬೇಕಾ?

ಮೊದಲು ಇದನ್ನೇ ಕೇಳಿಕೊಂಡೆವು. 2020ರಲ್ಲಿ ಏಡ್ರಿಯನ್ ಬಾರ್ನೆಟ್ ಮತ್ತು ಜೋಯಿ ಡಬಲ್‌ಡೇ ಎಂಬ ಸಂಶೋಧಕರು eLife ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಸುಮಾರು 2.4 ಕೋಟಿ ವೈಜ್ಞಾನಿಕ ಲೇಖನಗಳ ಶೀರ್ಷಿಕೆಗಳನ್ನು, 1.8 ಕೋಟಿ ಸಾರಾಂಶಗಳನ್ನು ಅವರು ಜಾಲಾಡಿದ್ದರು. ಸಿಕ್ಕಿದ್ದು ಹತ್ತು ಲಕ್ಷಕ್ಕೂ ಜಾಸ್ತಿ ಸಂಕ್ಷಿಪ್ತ ಹೆಸರುಗಳು. ಅವುಗಳಲ್ಲಿ 79 ಶೇಕಡಾ ಹತ್ತು ಸಲವೂ ಬಳಕೆಯಾಗಿರಲಿಲ್ಲ. ಪದೇ ಪದೇ ಬಳಕೆಯಾದವು ಬರೀ 0.2 ಶೇಕಡಾ.

ಆದರೂ ನಮಗೆ ಹೆಸರು ಬೇಕು ಎಂದೇ ತೀರ್ಮಾನ ಮಾಡಿದೆವು. ಈ ಹೆಸರು ಒಂದು ಲೇಖನದ ಒಳಗೆ ಮಾತ್ರ ಇರುವುದಲ್ಲ. ರೆಕಾರ್ಡರ್ ಡಬ್ಬಿಯ ಮೇಲೆ, ಫೈಲ್‌ಗಳ ಹೆಸರಿನಲ್ಲಿ, ಮೀಟಿಂಗ್‌ನಲ್ಲಿ, ಫೋನಿನಲ್ಲಿ, ಎಲ್ಲ ಕಡೆ ದಿನಾ ಓಡಾಡಬೇಕು. ಲೇಖನದ ಒಳಗಿನ ಸಣ್ಣಪುಟ್ಟ ವಿಧಾನಗಳಿಗೆ ಮಾತ್ರ ಬೇರೆ ಸಂಕ್ಷಿಪ್ತ ಹೆಸರು ಇಡಬಾರದು ಎಂದು ಅವತ್ತೇ ಒಪ್ಪಿಕೊಂಡೆವು.

ಸ್ವರ ಸಾಲದ ಹೆಸರು

ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳುವ ಇಂಗ್ಲಿಷ್ ಹೆಸರಿನಿಂದ ಶುರುಮಾಡಿದೆ. ಪ್ರಾಜೆಕ್ಟ್‌ನ ಕಾಗದಗಳೆಲ್ಲ ಆ ಭಾಷೆಯಲ್ಲೇ ಇರುವುದರಿಂದ ಬೇರೆ ದಾರಿ ಇರಲಿಲ್ಲ.

```
Night Insect Sound Network  ->  NISN
```

NISN ಬಾಯಲ್ಲಿ ತಿರುಗುವುದಿಲ್ಲ. ಒಂದೇ ಸ್ವರ ಇದೆ, ಕೊನೆಯಲ್ಲಿ ಎರಡು ವ್ಯಂಜನ ಒಂದಕ್ಕೊಂದು ಒತ್ತಿಕೊಂಡಿವೆ. ಇಂಥ ಹೆಸರನ್ನು ಜನ ಒಂದೊಂದೇ ಅಕ್ಷರವಾಗಿ ಓದುತ್ತಾರೆ. ಪದವಾಗಿ ಓದಿಸಬೇಕಾದರೆ ಸುಮಾರಾಗಿ ಪ್ರತಿ ಎರಡು ವ್ಯಂಜನಕ್ಕೆ ಒಂದು ಸ್ವರವಾದರೂ ಬೇಕು.

ಸ್ವರವನ್ನು ಎಲ್ಲಿಂದ ತರುವುದು? ಅದಕ್ಕೆಂದು ಇಲ್ಲದ ಪದವನ್ನು ತುರುಕುವುದು ನನಗೆ ಇಷ್ಟವಿಲ್ಲ. ಇರುವ ಪದದ ಎರಡನೆಯ ಅಕ್ಷರವನ್ನು ಎರವಲು ಪಡೆಯುವುದು ಅದಕ್ಕಿಂತ ಒಳ್ಳೆಯದು. ದೊಡ್ಡ ಪ್ರಯೋಗಗಳು ಇದಕ್ಕಿಂತ ತುಂಬಾ ದೂರ ಹೋಗಿವೆ. ಯುರೋಪಿನ ಕಣ ಭೌತಶಾಸ್ತ್ರ ಸಂಸ್ಥೆ CERNನ ATLAS ಪ್ರಯೋಗದ ಪೂರ್ತಿ ಹೆಸರು A Toroidal LHC ApparatuS. ಕೊನೆಯ S ಬಂದಿದ್ದು ಕೊನೆಯ ಪದದ ಬಾಲದಿಂದ. ಅಷ್ಟು ಎಳೆಯುವ ಅಗತ್ಯ ನಮಗೆ ಬರಲಿಲ್ಲ. Soundನ O ತೆಗೆದುಕೊಂಡರೆ ಸಾಕಿತ್ತು: NISON.

ಕಾಗದದ ಮೇಲೆ ಚೆನ್ನಾಗಿತ್ತು. ಆಮೇಲೆ ಎರಡು ಪರೀಕ್ಷೆ ಮಾಡಿದೆವು. ಒಂದು, ಬರೆದ ಹೆಸರನ್ನು ಹೊರಗಿನವರಿಗೆ ತೋರಿಸಿ ಓದಿಸುವುದು. ಇನ್ನೊಂದು, ಫೋನಿನಲ್ಲಿ ಹೇಳಿ ಬರೆಸುವುದು. ಓದಿದವರಲ್ಲಿ ಕೆಲವರು ನೈಸನ್ ಎಂದರು, ಕೆಲವರು ನಿಸನ್, ಇನ್ನು ಕೆಲವರು ನೀಸೋನ್. ಕನ್ನಡ ಲಿಪಿಯಲ್ಲಾದರೆ ಈ ತೊಂದರೆಯೇ ಇಲ್ಲ ಅಲ್ವಾ, ಬರೆದ ಹಾಗೆ ಓದುತ್ತೇವೆ. ರೋಮನ್ ಅಕ್ಷರಗಳಲ್ಲಿ ಒಂದು ವ್ಯಂಜನದ ಪಕ್ಕ ಒಂಟಿ I ಬಂದರೆ ಅದು 'ಇ'ನೋ 'ಐ'ನೋ ಗೊತ್ತಾಗುವುದಿಲ್ಲ. ಗುರುತ್ವ ಅಲೆಗಳನ್ನು ಹಿಡಿದ LIGOಗೂ ಇದೇ ಕಥೆ. ಅಲ್ಲಿ ಕೆಲಸ ಮಾಡುವವರು ಲೈಗೋ ಎನ್ನುತ್ತಾರೆ, ಹೊಸಬರು ಲಿಗೋ ಎಂದುಬಿಡುತ್ತಾರೆ. ಅಷ್ಟು ಹೆಸರಾದ ಮೇಲೆ ಅದು ತೊಂದರೆ ಅಲ್ಲ. ಯಾರಿಗೂ ಗೊತ್ತಿಲ್ಲದ ಸಣ್ಣ ಲ್ಯಾಬ್‌ಗೆ ತೊಂದರೆಯೇ.

ಫೋನಿನಲ್ಲಿ ಕೇಳಿ ಬರೆದವರು ಏನು ಬರೆದರು ಗೊತ್ತಾ? Nissan. ಆ ಕಾರು ಕಂಪನಿಯ ಹೆಸರು ಎಲ್ಲರ ಕಿವಿಯಲ್ಲೂ ಮೊದಲೇ ಕೂತಿದೆ. ಕಣ್ಣಿಗೆ NISON ಬೇರೆ, ಕಿವಿಗೆ ಅದೇ. ಅಲ್ಲಿಗೆ ಅದನ್ನು ಬಿಟ್ಟೆವು.

ನಿಘಂಟಿನಲ್ಲಿ ಹುಡುಕಿದಾಗ

ಆಮೇಲೆ ದಾರಿ ಬದಲಿಸಿದೆ. ಪ್ರತಿ ಪದದಿಂದ ಒಂದು ಅಥವಾ ಎರಡು ಅಕ್ಷರ ತೆಗೆದುಕೊಂಡರೆ ಯಾವುದಾದರೂ ನಿಜವಾದ ಪದ ಹುಟ್ಟುತ್ತದಾ ಎಂದು ನೋಡಬೇಕಿತ್ತು. ಅದಕ್ಕೆ ಪದಪಟ್ಟಿಯ ಫೈಲ್ ಮೇಲೆ grep ಎಂಬ ಹುಡುಕುವ ಕಮಾಂಡ್ ಓಡಿಸಿದರೆ ಸಾಕು. ಆವರಣದ ಒಳಗಿನ ಒಂದೊಂದು ಗುಂಪು ಒಂದೊಂದು ಪದಕ್ಕೆ ಸೇರಿದ್ದು:

```
grep -iE '^(i|in)(s|so)(m|mo)(n|ni)(a|ar)$' /usr/share/dict/words
```

ಇಲ್ಲಿರುವ ಪದಗಳು Insect, Sound, Monitoring, Night, Array. ಐದು ಪದಗಳನ್ನು 120 ರೀತಿ ಜೋಡಿಸಬಹುದು. ಆದರೆ ಎಲ್ಲವನ್ನೂ ಓಡಿಸಿ ಪ್ರಯೋಜನವಿಲ್ಲ. ಬಿಡಿಸಿ ಓದಿದಾಗ ವಾಕ್ಯದ ಹಾಗೆ ಕೇಳಿಸುವ ಜೋಡಣೆಗಳು ಕೆಲವೇ. ಉಳಿದವುಗಳಲ್ಲಿ ಎಂಥ ಚೆಂದದ ಪದ ಸಿಕ್ಕರೂ ಅದರ ಪೂರ್ತಿ ಹೆಸರನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಹಾಗಾಗಿ ಮೊದಲು ಕಾಗದದ ಮೇಲೆ ಒಪ್ಪುವ ಸಾಲುಗಳನ್ನು ಬರೆದುಕೊಂಡೆ. ಆಮೇಲೆ ಒಂದೊಂದಕ್ಕೂ ಇಂಥ ಒಂದು ಸಾಲು ಓಡಿಸಿದೆ.

ಮೇಲಿನ ಸಾಲಿಗೆ ಸಿಕ್ಕಿದ ಉತ್ತರ: insomnia. IN-SO-M-NI-A.

ಲ್ಯಾಬ್ ಪೂರ್ತಿ ಕುಣಿದಾಡಿತು. ರಾತ್ರಿಯೆಲ್ಲ ಕೂಗುವ ಕೀಟಗಳು, ರಾತ್ರಿಯೆಲ್ಲ ಎದ್ದಿರುವ ರೆಕಾರ್ಡರ್‌ಗಳು, ಹೆಸರು ನಿದ್ರಾಹೀನತೆ. ಓದುವುದಕ್ಕೆ ಒಂದೇ ರೀತಿ, ಕೇಳಿದರೆ ತಪ್ಪು ಬರೆಯುವವರು ಕಡಿಮೆ. ಒಂದು ಸಲ ಕೇಳಿದರೆ ಮರೆಯುವುದಿಲ್ಲ. ನನಗೂ ತುಂಬಾ ಇಷ್ಟವಾಗಿತ್ತು.

ಹುಡುಕು ಪೆಟ್ಟಿಗೆಯಲ್ಲಿ ಹಾಕಿ ನೋಡಿದಾಗ ಕಥೆ ಬದಲಾಯಿತು. ಇದು ಒಂದು ಕಾಯಿಲೆಯ ಹೆಸರು. ಇದರ ಬಗ್ಗೆ ವೈದ್ಯಕೀಯ ಲೇಖನಗಳ ರಾಶಿಯೇ ಇದೆ, ನಮ್ಮದು ಅದರ ಅಡಿಗೆ ಹೋಗುತ್ತದೆ. ಜೊತೆಗೆ ಪ್ರೋಗ್ರಾಮರ್‌ಗಳು ಬಳಸುವ Insomnia ಎಂಬ ತಂತ್ರಾಂಶವೂ ಇದೆ. ಅದರ ಪಕ್ಕ ನಮ್ಮ ಕೋಡ್ ಕಾಣಿಸುವುದಿಲ್ಲ.

"insect ಎಂದು ಸೇರಿಸಿ ಹುಡುಕಿದರೆ ಆಯಿತಲ್ಲ" ಎಂದು ಒಬ್ಬರು ಕೇಳಿದರು. ಸಾಮಾನ್ಯವಾಗಿ ಆ ಉಪಾಯ ನಡೆಯುತ್ತದೆ. ಕ್ಷೇತ್ರದ ಒಂದು ಪದ ಸೇರಿಸಿದರೆ ಬೇರೆಯವರೆಲ್ಲ ಪಕ್ಕಕ್ಕೆ ಸರಿಯುತ್ತಾರೆ. ಇಲ್ಲಿ ಮಾತ್ರ ನಡೆಯಲಿಲ್ಲ. ನಿದ್ರೆಯ ಸಂಶೋಧನೆಯಲ್ಲಿ ಹಣ್ಣುನೊಣ, ಅಂದರೆ ಡ್ರಾಸೊಫಿಲಾ, ಒಂದು ಮುಖ್ಯ ಮಾದರಿ ಜೀವಿ. ಕೀಟ ಮತ್ತು ನಿದ್ರಾಹೀನತೆ ಎರಡನ್ನೂ ಒಟ್ಟಿಗೆ ಹುಡುಕಿದರೆ ಬರುವುದು ಆ ನೊಣಗಳ ಲೇಖನಗಳು. ಸದ್ದಿನ ಪ್ರಾಜೆಕ್ಟ್ ಎಂದು ನಮ್ಮನ್ನು ಹುಡುಕಿ ಬಂದವರು ನಿದ್ರೆಯ ಲ್ಯಾಬ್‌ಗೆ ಹೋಗಿ ಸೇರುತ್ತಾರೆ. ಪಕ್ಕದ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಹೆಸರು ದೂರದ ಕಂಪನಿಯ ಹೆಸರಿಗಿಂತ ಜಾಸ್ತಿ ತೊಂದರೆ ಕೊಡುತ್ತದೆ ಎಂದು ನನಗೆ ಇಲ್ಲೇ ಸರಿಯಾಗಿ ಅರ್ಥವಾಗಿದ್ದು.

ಬಿಡಲು ಮನಸ್ಸಿರಲಿಲ್ಲ. ಆದರೂ ಬಿಟ್ಟೆವು.

ಪದದಂತಿರುವ, ಪದವಲ್ಲದ ಹೆಸರು

INSOMNIAದಿಂದ ಒಂದು ಒಳ್ಳೆಯ ವಿಷಯ ಉಳಿಯಿತು. ಎರಡೆರಡು ಅಕ್ಷರದ ತುಂಡುಗಳು ತಾವಾಗಿಯೇ ಬಾಯಿಗೆ ಬರುತ್ತವೆ. IN, SO, ಎರಡೂ ಒಂದೊಂದು ಉಸಿರಿನ ತುಂಡು. ಒಂದೊಂದೇ ಅಕ್ಷರ ಹೆಕ್ಕಿ ಸ್ವರಕ್ಕೆ ಪರದಾಡುವ ಬದಲು, ಎಲ್ಲ ಪದದಿಂದಲೂ ಮೊದಲ ಎರಡು ಅಕ್ಷರ ಎಂಬ ಒಂದೇ ನಿಯಮ ಇಟ್ಟುಕೊಳ್ಳಬಹುದು. ಬಿಡಿಸಿ ಹೇಳುವಾಗಲೂ ಸುಲಭ.

ಮೂರನೆಯ ಪದ ಯಾವುದು? Night ಹಾಕಿದರೆ INSONI. ಅದರಲ್ಲಿ Sony ಕೇಳಿಸುತ್ತದೆ, ಅವರು ರೆಕಾರ್ಡರ್‌ಗಳನ್ನೂ ಮಾಡುತ್ತಾರೆ. ಅದು ಬೇಡ. ನಾವು ಪ್ರತಿ ರೆಕಾರ್ಡರ್ ಇರುವ ಜಾಗವನ್ನು ನೋಡ್ ಎಂದೇ ಕರೆಯುತ್ತೇವೆ. ಅದನ್ನೇ ತೆಗೆದುಕೊಂಡೆವು.

```
INsect SOund NOdes  ->  INSONO
```

ಇದರಲ್ಲಿ ರಾತ್ರಿ ಬಿಟ್ಟುಹೋಯಿತು. ಒಂದಿಬ್ಬರಿಗೆ ಬೇಸರವಾಯಿತು, ರಾತ್ರಿಯೇ ನಮ್ಮ ಕೆಲಸದ ಜೀವ ಎಂದರು. ನನಗೆ ಹಾಗನ್ನಿಸುವುದಿಲ್ಲ. ಜೀರುಂಡೆಗಳು ಹಗಲಲ್ಲೂ ಕೂಗುತ್ತವೆ, ಮುಂದಿನ ಹಂತದಲ್ಲಿ ಅವೂ ಬರಬಹುದು. ಆಗ ಹೆಸರಿನಲ್ಲಿರುವ Night ಸುಳ್ಳಾಗುತ್ತದೆ. CERN ಎಂಬುದರ ಮೊದಲ ಅಕ್ಷರ ಒಂದು ತಾತ್ಕಾಲಿಕ ಮಂಡಳಿಯದು. ಆ ಮಂಡಳಿ 1954ರಲ್ಲೇ ಮುಗಿದುಹೋಯಿತು, ಸಂಸ್ಥೆ ಮಾತ್ರ ಅದೇ ಹೆಸರಿನಲ್ಲಿ ಉಳಿಯಿತು. ಚಿಕ್ಕ ಹೆಸರಿಗೆ ಪೂರ್ತಿ ಹೆಸರಿಗಿಂತ ಜಾಸ್ತಿ ಆಯಸ್ಸು. ಹಾಗಾಗಿ ಬದಲಾಗುವ ವಿಷಯವನ್ನು ಅದರೊಳಗೆ ಇಡಬಾರದು ಎಂದು ನಾನು ವಾದಿಸಿದೆ. ಕೊನೆಗೆ ಒಪ್ಪಿದರು.

INSONO ಓದಿಸುವ ಪರೀಕ್ಷೆಯಲ್ಲಿ ಚೆನ್ನಾಗಿ ನಡೆಯಿತು. ಶುರುವಿನಲ್ಲೇ I, ಅದರ ನಂತರ ಎರಡು ವ್ಯಂಜನ ಬಂದಿರುವುದರಿಂದ ಎಲ್ಲರೂ 'ಇ' ಎಂದೇ ಓದಿದರು. ಲ್ಯಾಟಿನ್‌ನಲ್ಲಿ insono ಎಂಬ ಕ್ರಿಯಾಪದವೇ ಇದೆ, ಮೊಳಗು, ಸದ್ದು ಮಾಡು ಎಂದು ಅರ್ಥ. ನಾವು ಹುಡುಕಿಕೊಂಡು ಹೋಗಿರಲಿಲ್ಲ, ತಾನಾಗಿ ಬಂದಿತ್ತು.

ಇಷ್ಟಾದ ಮೇಲೆ ಬೇರೆ ಭಾಷೆ ಗೊತ್ತಿರುವವರಿಗೆ ತೋರಿಸಿದೆವು. ಇದನ್ನು ಯಾವ ಹೆಸರಿಗೂ ಬಿಡಬಾರದು. ಫ್ರೆಂಚ್ ಗೊತ್ತಿರುವ ಸಹೋದ್ಯೋಗಿ ನೋಡಿದ ಕೂಡಲೇ "ಸದ್ದು ತಡೆಯುವ ಗೋಡೆಯ ಪ್ರಾಜೆಕ್ಟಾ?" ಎಂದು ಕೇಳಿದರು. ಫ್ರೆಂಚ್‌ನಲ್ಲಿ insonore ಎಂದರೆ ಸದ್ದು ದಾಟದ, ಸ್ಪ್ಯಾನಿಷ್‌ನಲ್ಲಿ insonoro ಎಂದರೆ ಸದ್ದಿಲ್ಲದ. ಲ್ಯಾಟಿನ್‌ನಲ್ಲಿ ಸರಿಯಾಗಿದ್ದದ್ದು ಅದರ ಮಕ್ಕಳ ಭಾಷೆಗಳಲ್ಲಿ ಪೂರ್ತಿ ಉಲ್ಟಾ. ಲ್ಯಾಟಿನ್ ಓದುವವರು ಎಷ್ಟು ಜನ, ಫ್ರೆಂಚ್, ಸ್ಪ್ಯಾನಿಷ್ ಮಾತಾಡುವವರು ಎಷ್ಟು ಜನ ಎಂದು ಯೋಚಿಸಿದರೆ ಯಾವ ಕಡೆ ತೂಕ ಜಾಸ್ತಿ ಎಂದು ಹೇಳಬೇಕಾಗಿಲ್ಲ. ಅದರ ಮೇಲೆ, ಫೋನಿನಲ್ಲಿ ಕೇಳಿದವರು Ensono ಎಂದು ಬರೆದದ್ದೂ ಉಂಟು, ಆ ಹೆಸರಿನ ಒಂದು ಐಟಿ ಕಂಪನಿ ಇದೆ.

ಈಗ ಎಲ್ಲಿದ್ದೇವೆ

ಎರಡು ಅಕ್ಷರ ಕತ್ತರಿಸುವ ನಿಯಮವನ್ನು ಕೊನೆಯ ಪದಕ್ಕೆ ಸಡಿಲಿಸಿದೆ. Nodeಅನ್ನು ಕತ್ತರಿಸದೆ ಹಾಗೇ ಇಟ್ಟರೆ INSONODE. ಎಂಟು ಅಕ್ಷರ, ಬಾಯಲ್ಲಿ ಮೂರೇ ತುಂಡು: ಇನ್-ಸೋ-ನೋಡ್. ಕೊನೆಯಲ್ಲಿ ನೋಡ್ ಎಂಬ ಪೂರ್ತಿ ಪದ ಕೇಳಿಸುವುದರಿಂದ ಫೋನಿನಲ್ಲಿ ಬರೆದವರು ಹೆಚ್ಚಾಗಿ ಸರಿಯಾಗಿ ಬರೆಯುತ್ತಿದ್ದಾರೆ. E ಹಾಕಿ ಶುರುಮಾಡುವವರು ಈಗಲೂ ಇದ್ದಾರೆ. ಅದಕ್ಕೆ ಹೇಳುವಾಗ "ಇನ್‌ಸೆಕ್ಟ್‌ನ ಇನ್" ಎಂದು ಸೇರಿಸುತ್ತೇವೆ. ಫ್ರೆಂಚ್ ಸಹೋದ್ಯೋಗಿಗೆ ಮತ್ತೆ ತೋರಿಸಿದೆ. ಈ ಸಲ ಗೋಡೆ ನೆನಪಾಗಲಿಲ್ಲ, ಯಾವುದೋ ಉಪಕರಣದ ಹೆಸರಿನ ಹಾಗಿದೆ ಎಂದರು. ನಮ್ಮದು ಉಪಕರಣದ ಜಾಲವೇ ತಾನೆ.

ಕೀಟ ಮತ್ತು ಧ್ವನಿ ಸಂಶೋಧನೆಯ ಕಡೆ ಈ ಹೆಸರು ನಮಗೆ ಎಲ್ಲೂ ಸಿಗಲಿಲ್ಲ. ಟ್ರೇಡ್‌ಮಾರ್ಕ್ ಪಟ್ಟಿಯನ್ನು ವಿಶ್ವವಿದ್ಯಾಲಯದ ಕಚೇರಿಯವರು ನೋಡಿ ಹೇಳಬೇಕು. ಅಲ್ಲಿಯವರೆಗೆ ಡಬ್ಬಿಗಳ ಮೇಲೆ ಅಚ್ಚು ಹಾಕಿಸುತ್ತಿಲ್ಲ. ಫೈಲ್‌ಗಳಲ್ಲಿ ಮಾತ್ರ `insonode_` ಎಂದು ಸಣ್ಣ ಅಕ್ಷರದಲ್ಲೇ ಶುರುಮಾಡಿದ್ದೇವೆ. ನಡುವೆ ದೊಡ್ಡಕ್ಷರ ಬೆರೆಸಿದ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಟೈಪ್ ಮಾಡುತ್ತಾರೆ, ಆಮೇಲೆ ಸ್ಕ್ರಿಪ್ಟ್‌ಗೆ ಫೈಲ್ ಸಿಗುವುದಿಲ್ಲ. ಕಚೇರಿಯ ಉತ್ತರ ಬಂದ ಮೇಲೆ ಮುಂದಿನ ಭಾಗ ಬರೆಯುತ್ತೇನೆ.